ಶೆಟ್ಟೆಪ್ಪ ಮಾಸ್ತರನ ಮೂರನೇ ಇಯತ್ತೆ

ಧುಪದಾಳದ ಒಡ್ಡಿನಿಂದ ಹೊರಟು ಎಲೆ ಅಡಿಕೆ ಹಾಕಿಕೊಂಡರೆ, ಅದನ್ನು ಉಗುಳುವಷ್ಟರಲ್ಲಿ ಬರುವ ಹಳ್ಳಿ ಅದು. ಹೆಸರು ನಾನು ಹೇಳುವುದಿಲ್ಲ. ಆ ಊರಿನವರಿಗೆ ಸಿಟ್ಟು ಬೇಗ ಬರುತ್ತದೆ, ಬಂದ ಸಿಟ್ಟು ಬೇಗ ಹೋಗುವುದಿಲ್ಲ. ಅಲ್ಲಿಯ ಕನ್ನಡ ಸಾಲಿಯಲ್ಲಿ ಮೂರನೇ ಇಯತ್ತೆಯಿಂದ ಐದನೆಯವರೆಗೆ ಕಲಿಸುತ್ತಿದ್ದವನು ಶೆಟ್ಟೆಪ್ಪ ಮಾಸ್ತರ. ಮೂಲತಃ ಮೂಡಲಗಿಯವನು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ವರ್ಷವೇ ನೌಕರಿ ಸಿಕ್ಕಿತು, ಮರುವರ್ಷ ಹೆಂಡತಿ ಸಿಕ್ಕಳು. ಇನ್ನು ಬದುಕಿನಲ್ಲಿ ಕಲಿಯುವುದೇನೂ ಉಳಿದಿಲ್ಲವೆಂದು ಅವನು ತಿಳಿದುಕೊಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಅವನ ಹೆಸರು ಮನೆಮಾತಾದದ್ದು ಮಗ್ಗಿಯಿಂದ. ಸಂಜೆ ಸಾಲಿ ಬಿಡುವ ಮುಂಚೆ ಹುಡುಗರನ್ನು ಎರಡು ಸಾಲು ನಿಲ್ಲಿಸಿ ಪಾವಕಿ, ಸವಾಯಕಿ, ದೀಡಕಿ ಅನ್ನಿಸಲು ಶುರುಮಾಡಿದನೆಂದರೆ ಹೊಳೆಯ ಆಚೆ ದನ ಕಾಯುವವರಿಗೂ ಕೇಳುತ್ತಿತ್ತು. ಕಾಲು ಪಟ್ಟಿನ ಮಗ್ಗಿ, ಒಂದೂಕಾಲು ಪಟ್ಟಿನದು, ಒಂದೂವರೆ ಪಟ್ಟಿನದು, ಎಲ್ಲವೂ ಒಂದೇ ರಾಗದಲ್ಲಿ. ತಪಾಸಣೆಗೆ ಬಂದ ಸಾಹೇಬರು ಒಂದು ಸಲ ದೀಡಕಿ ಮುಗಿಯುವವರೆಗೆ ತಲೆದೂಗಿ, ಹುಡುಗರಿಗೆ ಒಂದು ಪ್ರಶ್ನೆಯನ್ನೂ ಕೇಳದೆ ‘ಉತ್ತಮ’ ಎಂದು ಬರೆದು ಹೋದರು. ಊರಿನ ಹಿರಿಯ, ಸಾಲಿ ಕಮಿಟಿಯ ಮುಖ್ಯಸ್ಥ ಗುರುಲಿಂಗಪ್ಪ ಅದನ್ನು ಸಂತೆಗೆ ಬಂದವರಿಗೆಲ್ಲ ಹೇಳಿದ.

ಮಗ್ಗಿ ಬಿಟ್ಟರೆ ಮಾಸ್ತರನ ಇನ್ನೊಂದು ಆಸ್ತಿ ಆಣೆ ಲೆಕ್ಕ. ಇದರಲ್ಲಿ ಅವನ ತಪ್ಪಿಗಿಂತ ಆ ಸೀಮೆಯ ಗಾಳಿಯ ತಪ್ಪು ಹೆಚ್ಚು. ಅಲ್ಲಿ ಬೆಳೆ ಹೇಗೆ ಬಂತು ಎಂದರೆ ಹನ್ನೆರಡಾಣೆ ಬಂತು ಅನ್ನುತ್ತಾರೆ. ಬಾವಿಯ ನೀರಿನಲ್ಲಿ ಅಣ್ಣನ ಪಾಲು ಹತ್ತಾಣೆ, ತಮ್ಮನದು ಆರಾಣೆ. ಮಾತು ಪೂರ್ತಿ ನಿಜವಾದರೆ ಅದು ಹದಿನಾರಾಣೆ ಖರೆ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಜಗತ್ತಿನ ಯಾವ ಇಡೀ ವಸ್ತುವಾದರೂ ಒಂದು ರೂಪಾಯಿಯೇ. ಹೀಗಾಗಿ ಪುಸ್ತಕದಲ್ಲಿ ಅರ್ಧ ಎಂದು ಕಂಡರೆ ಮಾಸ್ತರ ಎಂಟಾಣೆ ಅನ್ನುತ್ತಿದ್ದ, ಮುಕ್ಕಾಲು ಎಂದರೆ ಹನ್ನೆರಡಾಣೆ. ಅಂಶ ಛೇದದ ರಗಳೆಯಿಲ್ಲ. ಅರ್ಧಕ್ಕೆ ಕಾಲು ಕೂಡಿಸಿದರೆ ಹನ್ನೆರಡಾಣೆ, ಅಂದರೆ ಮುಕ್ಕಾಲು. ಎಷ್ಟು ಸಲೀಸು! ಹುಡುಗರು ಬೆರಳು ಮಡಚುವಷ್ಟರಲ್ಲಿ ಉತ್ತರ ಹೇಳುತ್ತಿದ್ದರು.

ಕೂಡಿಸುವುದು ಸಲೀಸಾಗಿತ್ತು, ಗುಣಿಸುವುದು ಬಂದಾಗ ದೇವರೇ ಗತಿ. ಮುಕ್ಕಾಲು ಗಜ ಉದ್ದ, ಅರ್ಧ ಗಜ ಅಗಲದ ಹಲಗೆಯ ಕ್ಷೇತ್ರಫಳ ಎಷ್ಟು ಎಂದು ಐದನೇ ಇಯತ್ತೆಯ ಪುಸ್ತಕ ಕೇಳಿತ್ತು. ಹನ್ನೆರಡಾಣೆ ಎಂಟಲೆ ತೊಂಬತ್ತಾರಾಣೆ, ತೊಂಬತ್ತಾರಾಣೆಗೆ ಆರು ರೂಪಾಯಿ; ಹಾಗಾದರೆ ಆರು ಚೌಕ ಗಜ. ಪುಸ್ತಕದ ಹಿಂದೆ ಎಂಟರಲ್ಲಿ ಮೂರು ಎಂದು ಅಚ್ಚಾಗಿತ್ತು. ಮಾಸ್ತರ ಅದನ್ನು ಅಚ್ಚಿನ ತಪ್ಪೆಂದು ತೀರ್ಮಾನಿಸಿ, ಎಲ್ಲ ಹುಡುಗರ ಪುಸ್ತಕದಲ್ಲೂ ತಿದ್ದಿಸಿದ. ಒಂದು ಗಜಕ್ಕಿಂತ ಚಿಕ್ಕ ಹಲಗೆಯಲ್ಲಿ ಆರು ಗಜ ಹೇಗೆ ಹಿಡಿದೀತು ಎಂದು ಅವನಾಗಲಿ ಹುಡುಗರಾಗಲಿ ಕೇಳಿಕೊಳ್ಳಲಿಲ್ಲ. ಲೆಕ್ಕ ಬೇರೆ, ಹಲಗೆ ಬೇರೆ ಎಂದು ಸಾಲಿ ಎಲ್ಲರಿಗೂ ಕಲಿಸಿಬಿಟ್ಟಿತ್ತು.

ಹೀಗೆಯೇ ಪಿಂಚಣಿವರೆಗೆ ನಡೆಯುತ್ತಿತ್ತೇನೋ. ಆದರೆ ಮೇಲಿನಿಂದ ಹುಕುಂ ಬಂತು: ತರಬೇತಿಯಿಲ್ಲದ ಮಾಸ್ತರರು ಟ್ರೇನಿಂಗ್ ಕಾಲೇಜಿನ ಪ್ರವೇಶ ಪರೀಕ್ಷೆ ಪಾಸು ಮಾಡಬೇಕು; ಮೂರು ಸಲ ಕೂತರೂ ಆಗದವರು ಮನೆಗೆ ಹೋಗಬೇಕು. ಮಾಸ್ತರ ಹುರುಪಿನಿಂದ ಕೂತ. ಕನ್ನಡದಲ್ಲಿ ಒಳ್ಳೆಯ ಅಂಕ, ಇತಿಹಾಸದಲ್ಲಿ ಇನ್ನೂ ಒಳ್ಳೆಯ ಅಂಕ, ಗಣಿತದಲ್ಲಿ ನಪಾಸು. ಎರಡನೇ ಸಲ ಬೆಳಗಾವಿಯಿಂದ ದಪ್ಪ ಪುಸ್ತಕ ತರಿಸಿ ತ್ರೈರಾಶಿಕ, ಚಕ್ರಬಡ್ಡಿ, ಕೆಲಸ ಮತ್ತು ಕಾಲ ಎಲ್ಲ ಬಾಯಿಪಾಠ ಮಾಡಿದ. ಮಾದರಿ ಲೆಕ್ಕದಲ್ಲಿದ್ದ ಅಂಕಿಗಳೇ ಬಂದಿದ್ದರೆ ಪಾಸಾಗುತ್ತಿದ್ದನೋ ಏನೋ. ಅಂಕಿ ಬದಲಾದವು. ಮೊದಲಿಗಿಂತ ಎರಡು ಅಂಕ ಕಡಿಮೆ ಬಂದವು.

ಉಳಿದದ್ದು ಒಂದೇ ಸಲ. ಅದೂ ಕೈತಪ್ಪಿದರೆ ನೌಕರಿ ಹೋಗುತ್ತದೆ, ನೌಕರಿ ಹೋದರೆ ಮೂಡಲಗಿಗೆ ಹೋಗಿ ಅಣ್ಣನ ಹೊಲದಲ್ಲಿ ಆಳಿನ ಹಾಗೆ ದುಡಿಯಬೇಕು. ಮಾಸ್ತರನಿಗೆ ರೊಟ್ಟಿ ಸೇರದಾಯಿತು.

ಹುಕ್ಕೇರಿಯಲ್ಲಿ ಗೌರವ್ವ ಅಕ್ಕೋರು ಎಂಬವರಿದ್ದರು. ಹೆಣ್ಣುಮಕ್ಕಳ ಸಾಲಿಯಲ್ಲಿ ಮುಖ್ಯ ಅಕ್ಕೋರಾಗಿದ್ದು ಪಿಂಚಣಿ ತೆಗೆದುಕೊಂಡವರು. ಪರೀಕ್ಷೆಗೆ ಕೂಡುವವರಿಗೆ ಪಡಸಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ, ಅವರ ಕೈಯಲ್ಲಿ ಪಾಸಾಗದವರಿಲ್ಲ ಎಂದು ಸುದ್ದಿಯಿತ್ತು. ಶೆಟ್ಟೆಪ್ಪನ ತಂಗಿ ಪಾರವ್ವನನ್ನು ಹುಕ್ಕೇರಿಗೇ ಕೊಟ್ಟಿತ್ತು. ಶನಿವಾರ ಅರ್ಧ ದಿನದ ಸಾಲಿ ಮುಗಿಸಿ ಸೈಕಲ್ ಏರಿದರೆ ತಂಗಿಯ ಮನೆಯಲ್ಲಿ ಇದ್ದು ರವಿವಾರ ಸಂಜೆ ಬರಬಹುದು. ಹೆಣ್ಣುಮಗಳ ಮುಂದೆ ಕೂತು ಕಲಿಯುವುದು ಎಂದು ಒಂದು ವಾರ ಹಿಂದೆಮುಂದೆ ನೋಡಿದ. ಆಮೇಲೆ ಅಣ್ಣನ ಹೊಲ ಕಣ್ಣ ಮುಂದೆ ಬಂತು, ಸೈಕಲ್ಲಿಗೆ ಗಾಳಿ ಹಾಕಿಸಿದ.

ಅಕ್ಕೋರು ಅವನ ದಪ್ಪ ಪುಸ್ತಕವನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ.

“ಅದನ್ನ ಚೀಲದಾಗ ಇಡ್ರಿ ಮಾಸ್ತರ. ಅದರ ಕೆಲಸ ಇನ್ನೂ ಬಂದಿಲ್ಲ,” ಎಂದರು. “ಕೆಳಗಿಂದ ಹತ್ತಕೋತ ಹೋಗೋಣು. ಎಲ್ಲಿ ಕಾಲ ಜಾರತೈತಿ, ಅಲ್ಲಿಂದ ಶುರು ಮಾಡೋಣು.”

ಒಂದನೇ ಇಯತ್ತೆಯಿಂದ ಪ್ರಶ್ನೆ ಶುರುವಾದವು. ಸಂಖ್ಯೆ ಬರೆಸಿದರು, ಬರೆದ. ಕಳೆಯಲು ಹೇಳಿದರು, ಕಳೆದ. “ಈ ಎರಡರ ತಲಿ ಮ್ಯಾಲ ಒಂದ ಕಡ ತಂದ್ರಲ್ಲ, ಅದು ಒಂದ ಏನ್ರಿ?” ಎಂದರು. ಒಂದು ಎಂದರೆ ಒಂದು, ಮತ್ತೇನು? ಅದು ಒಂದು ಹತ್ತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ; ಅವನೂ ಯಾರಿಗೂ ಹೇಳಿರಲಿಲ್ಲ. ಅಕ್ಕೋರು ಸುಮ್ಮನೆ ಮುಂದೆ ಹೋದರು.

“ಹದಿನೇಳ ಎಂಟಲೆ?”

ಮಾಸ್ತರನ ತುಟಿ ಅಲುಗಾಡತೊಡಗಿತು. ಹದಿನೇಳೊಂದಲೆ ಹದಿನೇಳು, ಹದಿನೇಳೆರಡಲೆ ಮೂವತ್ತನಾಲ್ಕು. ತುದಿಯಿಂದ ಹಾಡಿಕೊಂಡು ಬಂದರೆ ಮಾತ್ರ ಅವನಿಗೆ ಎಂಟನೆಯದು ಸಿಗುತ್ತಿತ್ತು. ಅಕ್ಕೋರು ಕಾಯ್ದರು. ನೂರಾ ಮೂವತ್ತಾರು ಬಂತು, ಆದರೆ ಅಷ್ಟರಲ್ಲಿ ಒಳಗಿನಿಂದ ಚಹಾ ಬಂದು ಆರಿತ್ತು.

“ಮೂರರಾಗ ಎರಡು, ಐದರಾಗ ಒಂದು. ಕೂಡಿಸ್ರಿ.”

ಇದು ಬಂದದ್ದೇ ಮಾಸ್ತರ ಹುರುಪಾದ. “ಹತ್ತಾಣೆ ಎಂಟ ಪೈ. ಇದು ಮೂರಾಣೆ ಎರಡ ಪೈ ಮ್ಯಾಲ ಚೂರ. ಕೂಡಿದ್ರ ಹದಿಮೂರಾಣೆ ಹತ್ತ ಪೈ ಮ್ಯಾಲ ಚೂರ ಬರತೈತ್ರಿ.”

“ಆ ಚೂರ ಎಷ್ಟ್ರಿ?”

“ಚೂರ ಅಂದ್ರ ಚೂರರಿ ಅಕ್ಕೋರ. ಅದನ್ನ ನಾವ ಬಿಟ್ಟಬಿಡತೀವಿ.”

“ಪರೀಕ್ಷಾದಾವರು ನಿಮ್ಮನ್ನ ಬಿಟ್ಟಿದ್ದು ಆ ಚೂರಿನ ಸಲುವಾಗೇ,” ಎಂದರು ಅಕ್ಕೋರು. ನಗಲಿಲ್ಲ. “ಮೂರನೇ ಇಯತ್ತೆಯಾಗ ಕಾಲ ಜಾರೇತಿ ಮಾಸ್ತರ. ಮೂರನೇ ಇಯತ್ತೆಯಿಂದ ಶುರು ಮಾಡೋಣು.”

“ನಾ ಮೂರನೇ ಇಯತ್ತೆಗೆ ಕಲಸಾಂವ್ರಿ!”

“ಗೊತ್ತೈತಿ. ಅದಕ್ಕ ಹೆಚ್ಚಿನ ಕಾಳಜಿ ಮಾಡಾಕತ್ತೇನಿ.”

ಮಾಸ್ತರ ಸಿಟ್ಟಿನಿಂದ ಹೊರಟುಹೋದ. ಸಂಕೇಶ್ವರದ ರಸ್ತೆಯವರೆಗೆ ಸೈಕಲ್ ತುಳಿದ, ಅಲ್ಲಿ ಒಂದು ಬೇವಿನ ಮರದ ಕೆಳಗೆ ಕೂತು, ಐದರಲ್ಲಿ ಒಂದು ಎಂದರೆ ಆಣೆಯಲ್ಲಿ ಸರಿಯಾಗಿ ಎಷ್ಟು ಎಂದು ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ನೋಡಿದ. ಚೂರು ಉಳಿಯಿತು. ಮತ್ತೆ ಬರೆದ. ಮತ್ತೆ ಉಳಿಯಿತು. ಹಾಳಾದ ಚೂರಿಗೆ ಬೈದು, ಮರುದಿನ ಬೆಳಗ್ಗೆ ಅಕ್ಕೋರ ಪಡಸಾಲೆಗೆ ಬಂದು ಕೂತ.

ಅವರು ಹಾಕಿದ ಮೊದಲ ಕಟ್ಟಳೆ, ಆ ಮನೆಯಲ್ಲಿ ಆಣೆ ಎಂಬ ಶಬ್ದ ಬಾಯಿಂದ ಬರಬಾರದು. ಎರಡನೆಯದು, ಮಗ್ಗಿ ಹಾಡಬಾರದು. ಹಿಂದುಮುಂದಾಗಿ, ನಡುವಿನಿಂದ ಕೇಳಿದಾಗ ಹೇಳಬೇಕು. ಮೂರನೆಯದು ಅವನಿಗೆ ಬಹಳ ಕಠಿಣವಾಯಿತು: ಬರುವಾಗ ರವಿಕೆ ಹೊಲಿಸುವ ಒಂದು ಖಣ ತರಬೇಕು. ಅಕ್ಕೋರು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವರು. ಅಪೂರ್ಣಾಂಕವನ್ನು, ಅಂದರೆ ಭಿನ್ನರಾಶಿಯನ್ನು, ಅವರು ಬಟ್ಟೆ ಮಡಚಿ ತೋರಿಸುತ್ತಿದ್ದರು, ಕುಬಸದ ಖಣವೇ ಅದಕ್ಕೆ ಸರಿಯಾದ ಅಳತೆ ಎಂಬುದು ಅವರ ಹಟ.

ಖಣವನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿಸಿ ಮೂರು ಮಡಿಕೆಗೆ ಸೀಮೆಸುಣ್ಣ ಎಳೆಸಿದರು. ಅದನ್ನೇ ಅಡ್ಡಕ್ಕೆ ಎರಡು ಮಡಿಕೆ ಮಾಡಿಸಿದರು. ಬಿಚ್ಚಿ ಹಾಸಿದರೆ ಎಂಟು ಮನೆಗಳು. “ಸುಣ್ಣ ಎಳದ ಮುಕ್ಕಾಲಿನಾಗ ಅರ್ಧ ತೋರಸ್ರಿ,” ಎಂದರು. ಮಾಸ್ತರ ಮೇಲಿನ ಮೂರು ಮನೆಗಳ ಮೇಲೆ ಕೈಯಿಟ್ಟ. ಎಂಟರಲ್ಲಿ ಮೂರು. ತನ್ನ ಕೈಯನ್ನೇ ನೋಡುತ್ತ ಕೂತ. ಆರು ಗಜದ ಹಲಗೆ ಅವನ ಕಣ್ಣಿಗೆ ಬಂತು. ಅಚ್ಚಿನ ತಪ್ಪೂ ಕಣ್ಣಿಗೆ ಬಂತು.

“ಹಂಗಾರ ನನ್ನ ಲೆಕ್ಕ ಯಾಕ ತಪ್ಪತೈತ್ರಿ?” ಎಂದ ಸಣ್ಣ ದನಿಯಲ್ಲಿ.

“ಇಡೀದನ್ನ ಹದಿನಾರ ತುಂಡ ಮಾಡಿದಿರಿ. ಉದ್ದಕ್ಕ ಹದಿನಾರ, ಅಗಲಕ್ಕ ಹದಿನಾರ. ಹಂಗಾರ ಇಡೀ ಖಣದಾಗ ಎಷ್ಟ ತುಂಡ ಆದೂ?”

“ಎರಡನೂರಾ ಐವತ್ತಾರು.”

“ನಿಮ್ಮ ತೊಂಬತ್ತಾರನ್ನ ಅದರಾಗ ಇಡಬೇಕಾಗಿತ್ತು. ನೀವ ಮತ್ತ ಹದಿನಾರರಾಗ ಇಟ್ಟ್ರಿ. ಎರಡನೂರಾ ಐವತ್ತಾರರಾಗ ತೊಂಬತ್ತಾರಂದ್ರ ಎಂಟರಾಗ ಮೂರ. ನಿಮ್ಮ ಗುಣಾಕಾರ ತಪ್ಪಿಲ್ಲ ಮಾಸ್ತರ. ಯಾತರಾಗಿನ ತುಂಡ ಅನ್ನೂದನ್ನ ಮರತ್ರಿ.”

ಚಳಿಗಾಲವೆಲ್ಲ ಇದೇ ನಡೆಯಿತು. ಛೇದ ಒಂದೇ ಮಾಡುವುದು, ಅಪೂರ್ಣಾಂಕದಿಂದ ದಶಾಂಶ, ದಶಾಂಶದಿಂದ ಶೇಕಡಾ. ಪ್ರತಿ ಉತ್ತರಕ್ಕೂ ಅಕ್ಕೋರು ಕೇಳುವ ಮಾತು ಒಂದೇ: “ಇಷ್ಟ ಬರಾಕ ಸಾಧ್ಯ ಐತೇನು?” ದಪ್ಪ ಪುಸ್ತಕ ಚೀಲದಲ್ಲೇ ಇತ್ತು. ಪರೀಕ್ಷೆ ಹತ್ತಿರ ಬಂತು, ಅಸಲು ಪಾಠ ಯಾವಾಗ ಎಂದು ಮಾಸ್ತರ ಒಳಗೊಳಗೇ ಬೇಯುತ್ತಿದ್ದ. ಅಕ್ಕೋರಿಗೆ ಅವಸರವೆಂಬುದೇ ಇರಲಿಲ್ಲ.

ಇತ್ತ ಊರಿನಲ್ಲಿ ಬೇರೆಯದೇ ಲೆಕ್ಕ ನಡೆದಿತ್ತು. ಮಾಸ್ತರ ಶನಿವಾರ ತಪ್ಪದೆ ಹುಕ್ಕೇರಿಗೆ ಹೋಗುತ್ತಾನೆ. ಚೀಲದಲ್ಲಿ ಹೊಸ ಖಣ ಇರುತ್ತದೆ. ಬರುವಾಗ ಅದು ಮುದುಡಿರುತ್ತದೆ, ಅದರ ಮೈಮೇಲೆ ಸುಣ್ಣ. ತಂಗಿಗೆ ಒಯ್ದ ಖಣ ವಾಪಸು ಬರುತ್ತದೆಯೇ? ಹೀಗೆಂದು ಮೊದಲು ಕೇಳಿದವಳು ಪಕ್ಕದ ಮನೆಯ ಅಲ್ಲವ್ವ. ಅವಳು ಉಳಿದದ್ದನ್ನು ಬಾಯಿಬಿಟ್ಟು ಹೇಳಲಿಲ್ಲ, ಕೇಳಿದವರೆಲ್ಲ ತಾವೇ ಪೂರ್ತಿ ಮಾಡಿಕೊಂಡರು. ವಿಷಯ ಹಳ್ಳದ ದಂಡೆಯಿಂದ ಗುರುಲಿಂಗಪ್ಪನ ಕಟ್ಟೆಗೆ, ಅಲ್ಲಿಂದ ಮಾಸ್ತರನ ಹೆಂಡತಿ ಕಾಶೆವ್ವನ ಅಡಿಗೆ ಮನೆಗೆ ಬಂತು.

ಒಂದು ರವಿವಾರ ಸಂಜೆ ಅವನು ಸೈಕಲ್ ಗೋಡೆಗೆ ಒರಗಿಸುವುದಕ್ಕೂ ಕಾಶೆವ್ವ ಚೀಲ ಕಸಿಯುವುದಕ್ಕೂ ಸರಿಹೋಯಿತು. ಖಣ ತೆಗೆದು ಅವನ ಮುಂದೆ ಹಿಡಿದಳು.

“ಇದು ಯಾರದರಿ?”

“ನಂದು.”

“ನೀವ ಯಾವಾಗಿಂದ ಕುಬಸ ಹಾಕಾಕ ಹತ್ತೀರಿ?”

ಈಗ ಮಾಸ್ತರನ ಮುಂದೆ ಎರಡು ದಾರಿ. ಹುಕ್ಕೇರಿಯಲ್ಲಿ ಒಬ್ಬಳಿದ್ದಾಳೆ ಎಂದು ಒಪ್ಪಿಕೊಳ್ಳುವುದು, ಇಲ್ಲವೇ ಮೂರನೇ ಇಯತ್ತೆಯ ಲೆಕ್ಕ ತನಗೆ ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದು. ಎರಡರಲ್ಲಿ ಯಾವುದರ ಮರ್ಯಾದೆ ಹೆಚ್ಚು ಎಂದು ಅವನು ಬಹಳ ಹೊತ್ತು ತೂಗಿ ನೋಡಿದ. ಕಾಶೆವ್ವನ ಕಣ್ಣಲ್ಲಿ ನೀರು ಬಂದಾಗ ಮಾತ್ರ ಬಾಯಿ ಬಿಟ್ಟ. ಅಂಶ, ಛೇದ, ಗೌರವ್ವ ಅಕ್ಕೋರು, ಎಲ್ಲ ಹೇಳಿದ. ಅವಳು ನಂಬಲಿಲ್ಲ. ಖಣ ಹಾಸಿ, ಮಡಚಿ, ಎಂಟರಲ್ಲಿ ಮೂರು ತೋರಿಸಿದ. ಇಂಥ ಸುಳ್ಳನ್ನು ಕಟ್ಟುವಷ್ಟು ಜಾಣತನ ಗಂಡನಿಗಿಲ್ಲ ಎಂದು ಗೊತ್ತಿದ್ದದ್ದರಿಂದ ಕೊನೆಗೆ ನಂಬಿದಳು. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಆಮೇಲೆ ಗಂಭೀರಳಾದಳು.

“ಊರಾಗ ಯಾರ ಮುಂದೂ ಹೇಳಬ್ಯಾಡ್ರಿ ಇದನ್ನ.”

“ಹಂಗಾರ ಮಂದಿ ಆಡ್ಕೋಳಾಕತ್ತಿದ್ದು?”

“ಆಡ್ಕೋಳ್ಳಿ. ಅದಕ್ಕ ನೌಕರಿ ಹೋಗಾಂಗಿಲ್ಲ. ಇದು ಗೊತ್ತಾದ್ರ ಹೋಗತೈತಿ.”

ಅವಳ ಮಾತು ಸರಿಯಾಗಿಯೇ ಇತ್ತು. ಗುರುಲಿಂಗಪ್ಪ ಅವನನ್ನು ಕರೆದು, “ಮಾಸ್ತರ, ವಯಸ್ಸ ಐತಿ, ಇರ್ಲಿ. ಆದ್ರ ಸಂಜಿ ಮಗ್ಗಿ ಯಾಕ ಸಣ್ಣ ಆಗೇತಿ? ಅದನ್ನ ಮಾತ್ರ ಬಿಡಬ್ಯಾಡ್ರಿ,” ಎಂದಷ್ಟೇ ಹೇಳಿದ. ಮಾಸ್ತರ ತಲೆ ತಗ್ಗಿಸಿ ಹೂಂ ಅಂದ. ಊರಿಗೆ ಅವನ ಮೇಲೆ ಒಂದು ಬಗೆಯ ಹೊಸ ಗೌರವವೂ ಬಂದಿತ್ತು.

ಪರೀಕ್ಷೆಗೆ ಮೂರು ವಾರ ಉಳಿದಾಗ ಅಕ್ಕೋರು ದಪ್ಪ ಪುಸ್ತಕ ಹೊರಗೆ ತೆಗೆಸಿದರು. ಮಾಸ್ತರನಿಗೆ ಆಶ್ಚರ್ಯವೆಂದರೆ ಆಶ್ಚರ್ಯ. ತ್ರೈರಾಶಿಕವೆಂದರೆ ಎರಡು ಅಪೂರ್ಣಾಂಕ ಸರಿಸಮ. ಕೆಲಸ ಮತ್ತು ಕಾಲವೆಂದರೆ ಒಂದು ದಿನದ ಕೆಲಸದ ತುಂಡುಗಳನ್ನು ಕೂಡಿಸುವುದು. ಬಡ್ಡಿಯೆಂದರೆ ನೂರರ ತುಂಡು. ಎರಡು ವರ್ಷ ಕುತ್ತಿಗೆ ಹಿಚುಕಿದ ಪಾಠಗಳು ಮೆತ್ತಗೆ ಬಂದು ಕೂತವು. ಅವನಿಗೆ ಅಳು ಬಂದಂತಾಯಿತು. ಆದರೆ ಅಕ್ಕೋರ ಮುಂದೆ ಅಳುವ ಧೈರ್ಯವಿರಲಿಲ್ಲ.

ಬೆಳಗಾವಿಯಲ್ಲಿ ಪರೀಕ್ಷೆ. ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಹೊಲದ ಲೆಕ್ಕ ಒಂದಿತ್ತು: ಒಬ್ಬನು ತನ್ನ ಹೊಲದ ಮುಕ್ಕಾಲು ಭಾಗ ಬಿತ್ತಿದನು, ಬಿತ್ತಿದ್ದರ ಐದರಲ್ಲಿ ಎರಡು ಭಾಗ ಜೋಳ, ಇಡೀ ಹೊಲದಲ್ಲಿ ಜೋಳವೆಷ್ಟು? ಮಾಸ್ತರ ಹತ್ತರಲ್ಲಿ ಮೂರು ಎಂದು ಬರೆದ. ಇಷ್ಟು ಬರಲು ಸಾಧ್ಯವಿದೆಯೇ ಎಂದು ಕೇಳಿಕೊಂಡ. ಅರ್ಧಕ್ಕಿಂತ ಕಡಿಮೆ, ಸಾಧ್ಯವಿದೆ. ಪಾಸಾದೆನೆಂದು ಅವನಿಗೆ ಅಲ್ಲೇ ಗೊತ್ತಾಯಿತು. ಅವನು ಪಾಸಾದದ್ದೂ ನಿಜ. ಮೇ ತಿಂಗಳಲ್ಲಿ ಸುದ್ದಿ ಬಂತು, ನೌಕರಿ ಉಳಿಯಿತು.

ಆದರೆ ನಾನು ಹೇಳಬೇಕಾದದ್ದು ಪರೀಕ್ಷೆ ಮುಗಿಸಿ ಮರಳಿ ಬರುವ ರೈಲಿನದು. ಡಬ್ಬಿಯಲ್ಲಿ ತರುಣನೊಬ್ಬ ಎದ್ದು ಬಂದು ಮಾಸ್ತರನ ಕಾಲು ಮುಟ್ಟಿದ. ಮಾಳಪ್ಪ, ಮಾಸ್ತರ ನೌಕರಿಗೆ ಬಂದ ಮೊದಲ ವರ್ಷದ ಐದನೇ ಇಯತ್ತೆಯವನು. ಕುರಿ ಕಾಯುವವರ ಮನೆಯಿಂದ ಬಂದು ಮುಲ್ಕಿ ಪಾಸು ಮಾಡಿದ್ದ. ಈಗ ಹತ್ತರಗಿ ಕಡೆಯ ಒಂದು ಹಳ್ಳಿಯಲ್ಲಿ ಅವನೂ ಮಾಸ್ತರ; ಅದೇ ಪರೀಕ್ಷೆಗೆ ಕೂತು ಬಂದಿದ್ದ. ಮಾಸ್ತರನ ಎದೆ ಉಬ್ಬಿತು. ಚೀಲದಿಂದ ರೊಟ್ಟಿ, ಶೇಂಗಾ ಹಿಂಡಿ ಹೊರಗೆ ಬಂದವು.

“ಹೊಲದ ಲೆಕ್ಕ ಎಷ್ಟ ಬಂತ್ರಿ ಮಾಸ್ತರ?” ಎಂದ ಮಾಳಪ್ಪ.

“ಹತ್ತರಾಗ ಮೂರ.”

ಮಾಳಪ್ಪನ ಮುಖ ಸಣ್ಣದಾಯಿತು. ಒಂದು ತುಂಡು ರೊಟ್ಟಿ ಮುರಿದುಕೊಂಡ. “ಇರ್ಲಿ ಬಿಡ್ರಿ,” ಎಂದ ಮೆಲ್ಲಗೆ. “ಅಂಜಿಕಿಗೆ ಒಮ್ಮೊಮ್ಮೆ ಹಂಗ ಆಗತೈತಿ. ನಂದು ಸರಿ ಬಂತ್ರಿ. ಹನ್ನೆರಡಾಣೆಗೆ ಆರಾಣೆ ನಾಕ ಪೈ ಮ್ಯಾಲ ಚೂರ. ಗುಣಿಸಿ ಹದಿನಾರಲೆ ಭಾಗಿಸಿದ್ನಿ. ನಾಕ ಹೊಲ, ಹನ್ನೆರಡಾಣೆ ಮ್ಯಾಲ.”

ಮಾಸ್ತರ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ.

“ಒಂದ ಹೊಲದಾಗ ನಾಕ ಹೊಲದಷ್ಟ ಜ್ವಾಳ ಹೆಂಗ ಬಂತೋ ಮಾಳಪ್ಪ?”

“ನನಗೂ ಜಾಸ್ತಿ ಆತಲ್ಲ ಅನಿಸ್ತ್ರಿ,” ಎಂದ ಮಾಳಪ್ಪ. “ಹತ್ತರಾಗ ಮೂರ ಇರಬೇಕೇನೋ ಅಂತ ಒಮ್ಮೆ ಬರದೂ ಬರದೆ. ಆಮ್ಯಾಲ ವಿಚಾರ ಮಾಡಿದೆ, ನಮ್ಮ ಮಾಸ್ತರ ಕಲಿಸಿದ್ದು ತಪ್ಪ ಆಗಾಕ ಹೆಂಗ ಸಾಧ್ಯ? ಅದನ್ನ ಹೊಡದ ಹಾಕಿ ಇದನ್ನ ಬರದ ಬಂದೆ.”

ಇಷ್ಟು ನಾಚಿಕೆ ಮಾಸ್ತರನಿಗೆ ಎರಡು ಸಲ ನಪಾಸಾದಾಗಲೂ ಆಗಿರಲಿಲ್ಲ, ಅಕ್ಕೋರು ಮೂರನೇ ಇಯತ್ತೆಗೆ ಇಳಿಸಿದಾಗಲೂ ಆಗಿರಲಿಲ್ಲ. ಹುಡುಗನಿಗೆ ಲೆಕ್ಕ ಬರುತ್ತಿತ್ತು. ಬಂದ ಲೆಕ್ಕವನ್ನು ಹೊಡೆದು ಹಾಕಿಸಿದವನು ತಾನು.

“ನಿಂದ ತಪ್ಪ ಐತಿ ಮಾಳಪ್ಪ. ನಾ ತಪ್ಪ ಕಲಿಸೇನಿ,” ಎಂದ.

ಮಾಳಪ್ಪ ನಕ್ಕ. ಮಾಸ್ತರ ನಗಲಿಲ್ಲವೆಂದು ನೋಡಿ ಅವನೂ ನಿಲ್ಲಿಸಿದ. ಮಾಸ್ತರ ರೊಟ್ಟಿ ಕಟ್ಟಿದ ಬಟ್ಟೆಯನ್ನು ಬಿಚ್ಚಿ, ತೊಡೆಯ ಮೇಲೆ ಹಾಸಿ, ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ಐದು ಮಡಿಕೆ ಮಾಡಿ ಇಪ್ಪತ್ತು ಮನೆಯಲ್ಲಿ ಆರನ್ನು ತೋರಿಸಿದ. ಮಾಳಪ್ಪ ಬೆರಳಿಟ್ಟು ಮನೆಗಳನ್ನು ಎಣಿಸಿದ. ಅವನು ತನ್ನ ಪರೀಕ್ಷೆಯ ಮಾತು ಎತ್ತಲಿಲ್ಲ.

“ನಮ್ಮ ಸಾಲ್ಯಾಗ ಎಲ್ಲಾ ಹುಡುಗರಿಗೂ ನಿಮ್ಮ ಆ ಆಣೆ ಲೆಕ್ಕಾನ ಕಲಿಸೇನ್ರಿ,” ಎಂದ. “ಬಾಳ ಚಂದ ಹೇಳ್ತಾರ. ಮೊನ್ನೆ ಸಾಹೇಬರೂ ಬಂದ ಮೆಚ್ಚಿಕೊಂಡ ಹೋದ್ರು.”

ಪಾಶ್ಚಾಪುರದಲ್ಲಿ ಗಾಡಿ ನಿಂತಿತು. ಅದು ಮಾಳಪ್ಪ ಇಳಿಯುವ ಸ್ಟೇಶನ್ನು. ಮಾಸ್ತರನ ಟಿಕೇಟು ಇನ್ನೂ ಮುಂದಿನದು. ಅವನು ಚೀಲ ಹೆಗಲಿಗೆ ಹಾಕಿಕೊಂಡು ಮಾಳಪ್ಪನ ಹಿಂದೆಯೇ ಇಳಿದ.

“ನೀವೆಲ್ಲಿಗ್ರಿ ಮಾಸ್ತರ?”

“ನಿನ್ನ ಸಾಲಿಗೆ.”

“ಅಲ್ಲಿ ಹುಡುಗರ ಮುಂದ ನಿಮ್ಮನ್ನ ಯಾರಂತ ಹೇಳ್ಲಿ?”

ಮಾಸ್ತರ ರೊಟ್ಟಿಯ ಬಟ್ಟೆಯನ್ನು ಕೊಡವಿ ಮಡಚಿಕೊಂಡ; ಹುಡುಗರಿಗೆ ತೋರಿಸಲು ಅದು ಬೇಕಾಗಿತ್ತು. ಗಾಡಿ ಸಿಳ್ಳು ಹೊಡೆದು ಹೋಯಿತು. ಇಬ್ಬರೂ ಹತ್ತರಗಿಯ ದಾರಿ ಹಿಡಿದು ನಡೆದರು.